ಹೋದ ದಾರಿಯಲ್ಲಿ ಹಿಂದಿರುಗದ ಕೆರೆ

ಭೂಮಿಗೆ ಒಂಬತ್ತು ಮಿತಿಗಳಿವೆ, ಅವುಗಳಲ್ಲಿ ಆರನ್ನು ನಾವು ಆಗಲೇ ದಾಟಿದ್ದೇವೆ ಎಂದು 2023ರಲ್ಲಿ ವಿಜ್ಞಾನಿಗಳ ತಂಡವೊಂದು ಲೆಕ್ಕ ಮುಂದಿಟ್ಟಿತು. ಆ ಸುದ್ದಿ ಓದಿದವರಲ್ಲಿ ಅನೇಕರು ಒಂದು ಪ್ರಶ್ನೆ ಕೇಳಿದರು. ದಾಟಿ ಆಗಿದೆ ಅಂತೀರಿ, ಆದರೂ ಮಳೆ ಬರುತ್ತಿದೆ, ಬೆಳೆ ಬರುತ್ತಿದೆ, ಅಂಗಡಿ ತುಂಬ ಸಾಮಾನಿದೆ. ಹಾಗಾದರೆ ಗೆರೆ ಎಳೆದವರ ಲೆಕ್ಕವೇ ತಪ್ಪಿರಬೇಕಲ್ಲ? ಪ್ರಶ್ನೆ ಕೊಂಕಿನದಲ್ಲ, ನ್ಯಾಯವಾದದ್ದೇ. ಗೆರೆ ಎಂದ ಕೂಡಲೇ ಅದರಾಚೆ ಪ್ರಪಾತ ಇರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಒಂದು ಹೆಜ್ಜೆ ದಾಟಿಯೂ ಬೀಳಲಿಲ್ಲವೆಂದರೆ ಪ್ರಪಾತದ ಮಾತೇ ಸುಳ್ಳು ಅನ್ನಿಸುತ್ತದೆ. ಆದರೆ ಈ ಮಿತಿಗಳನ್ನು ಪ್ರಪಾತದ ಅಂಚಿನಲ್ಲಿ ಎಳೆದಿಲ್ಲ, ಬೇಕೆಂದೇ ಬಹಳ ಈಚೆಗೆ ಎಳೆದಿದ್ದಾರೆ. ಹಾಗೆ ಎಳೆದದ್ದು ಅತಿಯಾದ ಅಂಜಿಕೆಯಿಂದಲೂ ಅಲ್ಲ. ಅದಕ್ಕಿರುವ ಕಾರಣವನ್ನು ಇಡೀ ಭೂಮಿಯ ಮಾತೆತ್ತದೆ, ಒಂದೇ ಒಂದು ಕೆರೆಯನ್ನೂ ಒಂದೇ ಒಂದು ಧಾತುವನ್ನೂ ಹಿಡಿದು ಬಿಡಿಸಿ ಹೇಳಬಹುದು. ಆ ಧಾತು ರಂಜಕ.

ಮೊದಲು ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. 2009ರಲ್ಲಿ ಸ್ವೀಡನ್ನಿನ ಯೋಹಾನ್ ರಾಕ್‌ಸ್ಟ್ರಾಮ್ ಮತ್ತು ಅವರ ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಕಳೆದ ಹತ್ತು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಭೂಮಿ ಹೆಚ್ಚು ಏರುಪೇರಿಲ್ಲದೆ ಇದೆ, ಬೇಸಾಯವೂ ಊರುಕೇರಿಗಳೂ ಹುಟ್ಟಿದ್ದು ಆ ನೆಮ್ಮದಿಯ ಕಾಲದಲ್ಲಿ. ಅದನ್ನು ಕೆಡಿಸದೆ ಮನುಷ್ಯರು ಎಷ್ಟು ದೂರ ಹೋಗಬಹುದು ಎಂಬುದು ಅವರ ಪ್ರಶ್ನೆ. ಹವಾಮಾನ, ಜೀವಸಂಕುಲ, ನೆಲದ ಬಳಕೆ, ಸಿಹಿನೀರು, ಓಝೋನ್ ಪದರ, ಸಮುದ್ರದ ಆಮ್ಲತೆ, ಗಾಳಿಯಲ್ಲಿ ತೇಲುವ ಕಣಗಳು, ಮನುಷ್ಯರು ಸೃಷ್ಟಿಸಿದ ಹೊಸ ರಾಸಾಯನಿಕಗಳು, ಜೊತೆಗೆ ಸಾರಜನಕ ಮತ್ತು ರಂಜಕದ ಹರಿವು, ಹೀಗೆ ಒಂಬತ್ತು ವಿಷಯಗಳನ್ನು ಅವರು ಗುರುತಿಸಿದರು. ಹವಾಮಾನದ ಸುದ್ದಿ ದಿನವೂ ಕಿವಿಗೆ ಬೀಳುತ್ತದೆ. ರಂಜಕದ ಮಿತಿಯನ್ನೂ ನಾವು ಬಹಳ ಮೀರಿದ್ದರೂ ಅದರ ಬಗ್ಗೆ ಮಾತಾಡುವವರು ಕಡಿಮೆ.

ರಂಜಕ ಅಪರೂಪದ ವಸ್ತುವೇನಲ್ಲ. ನಮ್ಮ ಎಲುಬಿನಲ್ಲಿದೆ, ಪ್ರತಿ ಜೀವಕೋಶದಲ್ಲಿದೆ, ರೈತರು ಗೊಬ್ಬರದಂಗಡಿಯಿಂದ ಹೊತ್ತು ತರುವ ಡಿಎಪಿ ಚೀಲದಲ್ಲಿದೆ. ಆದರೆ ಸಹಜ ಸ್ಥಿತಿಯ ಕೆರೆಯ ನೀರಿನಲ್ಲಿ ಅದು ತೀರಾ ಅಲ್ಪ. ಗಾಳಿಯಿಂದ ಇಂಗಾಲ ಸಿಗುತ್ತದೆ, ಸಾರಜನಕವೂ ಒಂದಲ್ಲ ಒಂದು ದಾರಿಯಲ್ಲಿ ಬಂದು ಸೇರುತ್ತದೆ. ರಂಜಕ ಮಾತ್ರ ಕಲ್ಲು ಸವೆದು ಚೂರುಚೂರಾಗಿ ಬರಬೇಕು. ಹಾಗಾಗಿ ಪಾಚಿ ಎಷ್ಟು ಬೆಳೆಯಬೇಕೆಂಬುದನ್ನು ಹೆಚ್ಚಿನ ಕೆರೆಗಳಲ್ಲಿ ನಿರ್ಧರಿಸುವುದು ರಂಜಕವೇ. ಇದನ್ನು ಕಣ್ಣಾರೆ ತೋರಿಸಿಕೊಟ್ಟವರು ಕೆನಡಾದ ಡೇವಿಡ್ ಶಿಂಡ್ಲರ್. ಒಂಟಾರಿಯೋ ಪ್ರಾಂತ್ಯದಲ್ಲಿ ಪ್ರಯೋಗಕ್ಕೆಂದೇ ಮೀಸಲಿಟ್ಟ ಕೆರೆಗಳಲ್ಲಿ 226ನೆಯ ನಂಬರಿನದು ನಡುವೆ ಕಿರಿದಾಗಿ ಎಂಟರ ಆಕಾರದಲ್ಲಿತ್ತು. 1973ರಲ್ಲಿ ಅವರ ತಂಡ ಆ ಕಿರಿದಾದ ಜಾಗಕ್ಕೆ ಅಡ್ಡಲಾಗಿ ದಪ್ಪನೆಯ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಕೆರೆಯನ್ನು ಎರಡು ಪಾಲು ಮಾಡಿತು. ಒಂದು ಪಾಲಿಗೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ಕೆಲವೇ ವಾರಗಳಲ್ಲಿ ರಂಜಕ ಬಿದ್ದ ಪಾಲು ಹಚ್ಚಹಸಿರು ಪಾಚಿಯಿಂದ ತುಂಬಿತು, ಪರದೆಯ ಈಚೆಗಿನ ನೀರು ಮೊದಲಿನಂತೆಯೇ ಉಳಿಯಿತು. ಮೇಲಿನಿಂದ ತೆಗೆದ ಆ ಕೆರೆಯ ಫೋಟೊ ನೋಡಿದ ಮೇಲೆ ರಂಜಕ ಕಾರಣವಲ್ಲ ಎಂಬ ಬಟ್ಟೆ ಸೋಪಿನ ಕಂಪನಿಗಳ ವಕೀಲಿಕೆಗೆ ಹೆಚ್ಚು ಬೆಲೆ ಉಳಿಯಲಿಲ್ಲ. ಆ ಕಾಲದ ಸೋಪಿನ ಪುಡಿಯಲ್ಲಿ ರಂಜಕದ ಲವಣ ಧಾರಾಳವಾಗಿರುತ್ತಿತ್ತು.

ಎಷ್ಟು ರಂಜಕ ಬಿದ್ದರೆ ಕೆರೆ ಕೆಡುತ್ತದೆ? ಒಂದು ಲೆಕ್ಕ ಮಾಡೋಣ. ಹತ್ತು ಹೆಕ್ಟೇರ್ ಅಂದರೆ ಸುಮಾರು ಇಪ್ಪತ್ತೈದು ಎಕರೆ ಹರಡಿದ, ಸರಾಸರಿ ಎರಡು ಮೀಟರ್ ಆಳದ ಒಂದು ಊರ ಕೆರೆ ಇದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಎರಡು ಲಕ್ಷ ಘನ ಮೀಟರ್ ನೀರಿರುತ್ತದೆ. ಲೀಟರಿಗೆ 0.1 ಮಿಲಿಗ್ರಾಂ ರಂಜಕವೆಂದರೆ ಪಾಚಿಗೆ ಹಬ್ಬದೂಟ. ಇಡೀ ಕೆರೆಯನ್ನು ಆ ಮಟ್ಟಕ್ಕೆ ತರಲು ಬೇಕಾಗುವುದು ಬರೀ ಇಪ್ಪತ್ತು ಕಿಲೋ ರಂಜಕ. ಐವತ್ತು ಕಿಲೋ ತೂಗುವ ಡಿಎಪಿ ಚೀಲದಲ್ಲಿ ಶುದ್ಧ ರಂಜಕ ಸುಮಾರು ಹತ್ತು ಕಿಲೋ ಇರುತ್ತದೆ. ಅಲ್ಲಿಗೆ ಎರಡು ಚೀಲ ಆಯಿತು. ಹೊಲಕ್ಕೆ ಹಾಕಿದ ಗೊಬ್ಬರದಲ್ಲಿ ಅಷ್ಟು ಮಣ್ಣಿನ ಜೊತೆ ಕೊಚ್ಚಿಕೊಂಡು ಬಂದರೆ ಸಾಕು. ಗೊಬ್ಬರವೇ ಬೇಡ ಅನ್ನಿ: ಒಬ್ಬ ವ್ಯಕ್ತಿಯ ಮಲಮೂತ್ರದಲ್ಲಿ ದಿನಕ್ಕೆ ಸುಮಾರು ಒಂದೂವರೆ ಗ್ರಾಂ ರಂಜಕ ಹೋಗುತ್ತದೆ, ವರ್ಷಕ್ಕೆ ಅರ್ಧ ಕಿಲೋ ದಾಟುತ್ತದೆ. ಮೂವತ್ತೇಳು ಜನರ ಒಂದು ವರ್ಷದ ಪಾಲು ಆ ಕೆರೆಗೆ ಪೂರ್ತಿ ಸೇರಿದರೆ ಇಪ್ಪತ್ತು ಕಿಲೋ ಆಗುತ್ತದೆ. ಸಣ್ಣದೊಂದು ವಠಾರದಲ್ಲಿ ಅಷ್ಟು ಜನ ಇರುತ್ತಾರೆ.

ಹಾಗಾದರೆ ನಮ್ಮ ಕೆರೆಗಳೆಲ್ಲ ಎಂದೋ ಕೆಡಬೇಕಿತ್ತಲ್ಲ ಎಂದು ನೀವು ಕೇಳಬಹುದು. ಕೆಡದೆ ಉಳಿದದ್ದಕ್ಕೆ ಕಾರಣವಿದೆ. ತಿಳಿನೀರಿನ ಕೆರೆ ಸುಮ್ಮನೆ ಕೂತಿರುವುದಿಲ್ಲ, ತನ್ನನ್ನು ತಾನೇ ಕಾಯ್ದುಕೊಳ್ಳುತ್ತದೆ. ಬಿಸಿಲು ತಳದವರೆಗೂ ಇಳಿಯುವುದರಿಂದ ಅಲ್ಲಿ ಬೇರು ಬಿಟ್ಟ ಗಿಡಗಳು ಬೆಳೆಯುತ್ತವೆ. ಅವು ಹೂಳನ್ನು ಹಿಡಿದಿಡುತ್ತವೆ, ಗಾಳಿ ಬೀಸಿದರೂ ನೀರು ಕದಡುವುದಿಲ್ಲ. ಅವುಗಳ ಎಲೆಗಳ ಮರೆಯಲ್ಲಿ ಸಾಸಿವೆಗಿಂತ ಚಿಕ್ಕದಾದ ನೀರುಜೀವಿಗಳು ಮೀನಿಗೆ ಸಿಗದಂತೆ ಅಡಗಿರುತ್ತವೆ, ಹೊರಬಂದು ಪಾಚಿಯನ್ನು ತಿನ್ನುತ್ತವೆ. ತಳದಲ್ಲಿ ಪ್ರಾಣವಾಯು ಇರುವವರೆಗೆ ಹೂಳಿನಲ್ಲಿರುವ ಕಬ್ಬಿಣ, ನಮ್ಮ ಕೆಂಪು ಮಣ್ಣಿಗೆ ಬಣ್ಣ ಕೊಡುವ ಅದೇ ಕಬ್ಬಿಣ, ರಂಜಕವನ್ನು ಕಚ್ಚಿಕೊಂಡಿರುತ್ತದೆ. ಹೊರಗಿನಿಂದ ಬಂದ ರಂಜಕದ ದೊಡ್ಡ ಪಾಲು ಹೀಗೆ ಕಣ್ಣಿಗೆ ಬೀಳದೆ ಹೂಳು ಸೇರುತ್ತದೆ. ವರ್ಷಗಟ್ಟಲೆ ಕೊಳಚೆ ಬಿದ್ದರೂ ನೀರು ಚೆನ್ನಾಗಿಯೇ ಕಾಣುತ್ತಿರುತ್ತದೆ. ಏನೂ ಆಗಲಿಲ್ಲವಲ್ಲ ಎಂದು ಜನ ಸಮಾಧಾನ ಪಟ್ಟುಕೊಳ್ಳುವ ಕಾಲ ಇದು. ಹೂಳಿನ ಲೆಕ್ಕದಲ್ಲಿ ಸಾಲ ಬೆಳೆಯುವ ಕಾಲವೂ ಇದೇ.

ಒಂದು ಹಂತ ಮುಟ್ಟಿದ ಮೇಲೆ ಇವೇ ಕಾವಲುಗಳು ತಿರುಗಿ ನಿಲ್ಲುತ್ತವೆ. ಪಾಚಿ ಸ್ವಲ್ಪ ಹೆಚ್ಚಾಗಿ ಬಿಸಿಲು ತಳ ಮುಟ್ಟದಂತಾದರೆ ತಳದ ಗಿಡಗಳು ಸಾಯುತ್ತವೆ. ಹೂಳು ಕದಡುತ್ತದೆ, ನೀರು ಇನ್ನೂ ರಾಡಿಯಾಗುತ್ತದೆ. ಮರೆ ಕಳೆದುಕೊಂಡ ನೀರುಜೀವಿಗಳು ಮೀನಿನ ಬಾಯಿಗೆ ಬೀಳುತ್ತವೆ, ಪಾಚಿಗೆ ಶತ್ರುವೇ ಇಲ್ಲದಂತಾಗುತ್ತದೆ. ಸತ್ತ ಪಾಚಿ ತಳಕ್ಕೆ ಇಳಿದು ಕೊಳೆಯುವಾಗ ಅಲ್ಲಿನ ಪ್ರಾಣವಾಯು ಮುಗಿಯುತ್ತದೆ. ಪ್ರಾಣವಾಯು ಇಲ್ಲದ ಕಡೆ ಕಬ್ಬಿಣದ ರೂಪ ಬದಲಾಗಿ, ಇಷ್ಟು ವರ್ಷ ಹಿಡಿದಿಟ್ಟಿದ್ದ ರಂಜಕವನ್ನು ಅದು ನೀರಿಗೆ ಬಿಟ್ಟುಬಿಡುತ್ತದೆ. ಆ ರಂಜಕ ಮತ್ತಷ್ಟು ಪಾಚಿಗೆ ಆಹಾರ. ಈಗ ಕೆರೆ ಹೊರಗಿನ ಕೊಳಚೆಯನ್ನು ಕಾಯಬೇಕಾಗಿಲ್ಲ, ತನ್ನ ಹೊಟ್ಟೆಯಲ್ಲಿರುವುದರಿಂದಲೇ ಕೆಡುತ್ತ ಹೋಗುತ್ತದೆ. ಟಿಪ್ಪಿಂಗ್ ಪಾಯಿಂಟ್ ಎಂಬ ಮಾತಿನ ಸಾರ ಇಷ್ಟೇ. ಹೊರಗಿನಿಂದ ತಳ್ಳುವ ಕೈ ನಿಂತರೂ ಬದಲಾವಣೆ ತನ್ನಷ್ಟಕ್ಕೆ ತಾನೇ ಮುಂದುವರಿಯುವ ಬಿಂದು ಅದು. ಬದಲಾವಣೆ ದೊಡ್ಡದಾಗಿರಬೇಕು, ಒಂದೇ ದಿನದಲ್ಲಿ ಆಗಬೇಕು ಎಂಬುದೇನೂ ಇಲ್ಲ. ತನ್ನನ್ನು ತಾನೇ ದೂಡಿಕೊಂಡು ಹೋಗಬೇಕು, ಅದು ಮುಖ್ಯ.

ಇದಕ್ಕೆ ಅಂಟಿಕೊಂಡು ಬರುವ ಎರಡನೆಯ ಸಂಗತಿಯೇ ನನ್ನ ವಾದದ ತಿರುಳು. ಗೋಡೆಯ ಮೇಲಿನ ವಿದ್ಯುತ್ ಸ್ವಿಚ್ಚನ್ನು ನಿಧಾನವಾಗಿ ಒತ್ತಿ ನೋಡಿ. ಸ್ವಲ್ಪ ದೂರದವರೆಗೆ ದೀಪ ಹತ್ತುವುದಿಲ್ಲ, ಒಂದು ಕಡೆ ಬಂದಾಗ ಟಕ್ಕನೆ ಮಗುಚುತ್ತದೆ. ಈಗ ಬೆರಳು ತೆಗೆದರೆ ದೀಪ ಆರುವುದಿಲ್ಲ. ಆರಿಸಬೇಕಾದರೆ ಇನ್ನೊಂದು ತುದಿಗೆ ಹೋಗಿ ಒತ್ತಬೇಕು. ಹೋಗುವಾಗ ಮಗುಚುವ ಜಾಗವೇ ಬೇರೆ, ಬರುವಾಗ ಮಗುಚುವ ಜಾಗವೇ ಬೇರೆ. ಕೆರೆಯೂ ಹೀಗೆಯೇ ನಡೆದುಕೊಳ್ಳುತ್ತದೆ ಎಂಬುದಕ್ಕೆ ಅಳೆದು ನೋಡಿದ ಸಾಕ್ಷಿ ನೆದರ್‌ಲ್ಯಾಂಡ್ಸ್‌ನಲ್ಲಿದೆ. ಅಲ್ಲಿನ ವೆಲುವೆ ಕೆರೆ 1957ರಲ್ಲಿ, ಹಿಂದೆ ಸಮುದ್ರವಾಗಿದ್ದ ಜಾಗದ ತಳವನ್ನು ಒಣಗಿಸಿ ಹೊಸ ನೆಲ ಮಾಡುವಾಗ ನೆಲದಂಚಿನಲ್ಲಿ ಉಳಿದ ನೀರು. ವಿಸ್ತಾರ ದೊಡ್ಡದಾದರೂ ಸರಾಸರಿ ಆಳ ಒಂದೂವರೆ ಮೀಟರಿನ ಆಸುಪಾಸು, ನಮ್ಮ ಕೆರೆಗಳಷ್ಟೇ. ಮೊದಲಿಗೆ ಅದು ತಿಳಿಯಾಗಿತ್ತು, ತಳದಲ್ಲಿ ಕ್ಯಾರಾ ಎಂಬ ನೀರುಗಿಡ ಹುಲುಸಾಗಿ ಹಬ್ಬಿತ್ತು. ಸುತ್ತಲಿನ ಊರುಗಳ ಕೊಳಚೆ ಸೇರಿ ರಂಜಕದ ಪ್ರಮಾಣ ಏರುತ್ತ ಹೋಯಿತು. ಲೀಟರಿಗೆ ಸುಮಾರು 0.2 ಮಿಲಿಗ್ರಾಂ ದಾಟಿದಾಗ, 1960ರ ದಶಕದ ಕೊನೆಯ ಹೊತ್ತಿಗೆ, ಗಿಡಗಳು ಹೋಗಿ ಕೆರೆ ಹಸಿರು ರಾಡಿಯಾಯಿತು.

ಡಚ್ಚರು ಕೈಕಟ್ಟಿ ಕೂರಲಿಲ್ಲ. 1979ರಿಂದ ಕೊಳಚೆ ಶುದ್ಧೀಕರಣ ಘಟಕದಲ್ಲೇ ರಂಜಕವನ್ನು ತೆಗೆಯತೊಡಗಿದರು, ಚಳಿಗಾಲದಲ್ಲಿ ಬೇರೆ ಕಡೆಯ ನೀರು ಹಾಯಿಸಿ ಕೆರೆಯನ್ನು ತೊಳೆದರು. ರಂಜಕ ಇಳಿಯಿತು. 0.2 ತಲುಪಿದಾಗ ಕೆರೆ ತಿಳಿಯಾಗಬೇಕಿತ್ತು, ಆಗಲಿಲ್ಲ. 0.15ಕ್ಕೆ ಬಂದರೂ ಆಗಲಿಲ್ಲ. 0.1ಕ್ಕಿಂತ ಕೆಳಗಿಳಿದ ಮೇಲೆ, ಅಂದರೆ ಕೆಟ್ಟ ಮಟ್ಟದ ಅರ್ಧಕ್ಕೆ ಬಂದ ಮೇಲೆ, 1990ರ ದಶಕದಲ್ಲಿ ಕ್ಯಾರಾ ಮತ್ತೆ ಹಬ್ಬಿತು. ಅದಕ್ಕೂ ಬರೀ ರಂಜಕ ಇಳಿಸಿದ್ದು ಸಾಲಲಿಲ್ಲ. ತಳವನ್ನು ಕೆದಕಿ ನೀರು ಕದಡುವ ಬ್ರೀಮ್ ಎಂಬ ಮೀನುಗಳನ್ನು ಬಲೆ ಹಾಕಿ ಹಿಡಿದು ಕಡಿಮೆ ಮಾಡಬೇಕಾಯಿತು. ಕೆರೆ ಕೆಡುವಾಗ ಮೀನು ಕಾರಣವಾಗಿರಲಿಲ್ಲ, ಆದರೆ ಕೆಟ್ಟ ಮೇಲೆ ಅದು ಕೆಟ್ಟ ಸ್ಥಿತಿಯ ಕಾವಲುಗಾರನಾಗಿ ನಿಂತಿತ್ತು. ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಕೆಟ್ಟದ್ದು 0.2ರಲ್ಲಿ, ಸರಿಯಾದದ್ದು 0.1ರಲ್ಲಿ. ನಡುವಿನ ಪಟ್ಟಿಯಲ್ಲಿ ಕೆರೆ ತಿಳಿಯಾಗಿಯೂ ಇರಬಹುದು, ರಾಡಿಯಾಗಿಯೂ ಇರಬಹುದು, ಅದು ಯಾವ ಕಡೆಯಿಂದ ಬಂತು ಎಂಬುದರ ಮೇಲೆ. ಹಾಗಾದರೆ ಎಚ್ಚರಿಕೆಯ ಗೆರೆಯನ್ನು ಎಲ್ಲಿ ಎಳೆಯಬೇಕು? 0.2ರಲ್ಲಿ ಎಳೆದರೆ ಗೆರೆ ಮುಟ್ಟಿದ ದಿನವೇ ಕೆರೆ ಹೋಯಿತು. 0.1ರ ಈಚೆಗೆ ಎಳೆದರೆ, ಗೆರೆ ದಾಟಿದ ಮೇಲೂ ತಿರುಗಿ ಬರಲು ದಾರಿ ಇರುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. ಗೆರೆ ದಾಟಿದರೂ ಏನೂ ಆಗಲಿಲ್ಲ ಎಂಬುದು ಗೆರೆಯ ದೋಷವಲ್ಲ. ಗೆರೆ ಇರುವುದೇ ಅದಕ್ಕೆ.

ಭೂಮಿಯ ಮಟ್ಟದ ರಂಜಕದ ಮಿತಿಯನ್ನು ಇದೇ ರೀತಿ ಎಳೆದಿದ್ದಾರೆ. ನದಿಗಳ ಮೂಲಕ ಸಮುದ್ರ ಸೇರುವ ರಂಜಕ ವರ್ಷಕ್ಕೆ 1.1 ಕೋಟಿ ಟನ್ ದಾಟಬಾರದು ಎಂಬುದು ಒಂದು ಗೆರೆ. ಭೂಮಿಯ ಇತಿಹಾಸದಲ್ಲಿ ಸಮುದ್ರದ ದೊಡ್ಡ ಭಾಗಗಳು ಪ್ರಾಣವಾಯು ಕಳೆದುಕೊಂಡ ಘಟ್ಟಗಳಿವೆ, ಅಂಥದ್ದು ಮರುಕಳಿಸಬಾರದೆಂದು ಇದನ್ನು ಎಳೆದರು. ನಿಜವಾದ ಅಪಾಯದ ಮಟ್ಟ 1.1 ಕೋಟಿಯಿಂದ 10 ಕೋಟಿ ಟನ್ನಿನ ನಡುವೆ ಎಲ್ಲೋ ಇದೆ, ಎಲ್ಲಿ ಎಂದು ಖಚಿತವಾಗಿ ಗೊತ್ತಿಲ್ಲ ಎಂದು ಅವರೇ ಒಪ್ಪುತ್ತಾರೆ. ಖಚಿತವಿಲ್ಲದ ಆ ಪಟ್ಟಿಯ ಈಚೆಯ ತುದಿಯಲ್ಲಿ ಗೆರೆ ಇದೆ. ಈಗ ಸಮುದ್ರ ಸೇರುತ್ತಿರುವುದು ಅದರ ಎರಡು ಪಟ್ಟು. ಕೆರೆ, ನದಿಗಳು ಸಮುದ್ರಕ್ಕಿಂತ ಬಹಳ ಮೊದಲೇ ಕೆಡುವುದರಿಂದ 2015ರ ಪರಿಷ್ಕರಣೆಯಲ್ಲಿ ಎರಡನೆಯ ಗೆರೆಯನ್ನು ಸೇರಿಸಿದರು: ಹೊಲಗಳಿಗೆ ಹಾಕುವ ರಂಜಕ ವರ್ಷಕ್ಕೆ 62 ಲಕ್ಷ ಟನ್. ಇಲ್ಲಿ ಖಚಿತವಿಲ್ಲದ ಪಟ್ಟಿ 1.12 ಕೋಟಿ ಟನ್ನಿಗೇ ಮುಗಿಯುತ್ತದೆ. 2023ರ ಲೆಕ್ಕದ ಪ್ರಕಾರ ನಾವು ಹಾಕುತ್ತಿರುವುದು ಸುಮಾರು 1.75 ಕೋಟಿ ಟನ್. ಅಂದರೆ ಸಮುದ್ರದ ಮಟ್ಟಿಗೆ ನಾವು ಅನುಮಾನದ ಪಟ್ಟಿಯೊಳಗಿದ್ದೇವೆ, ಸಿಹಿನೀರಿನ ಮಟ್ಟಿಗೆ ಅದನ್ನೂ ದಾಟಿಯಾಗಿದೆ. 'ಮಿತಿ ಮೀರಿದೆ' ಎಂಬ ಒಂದೇ ಮಾತಿನೊಳಗೆ ಇಂಥ ಎರಡು ಬೇರೆ ಬೇರೆ ಸ್ಥಿತಿಗಳಿರುತ್ತವೆ. ಅವನ್ನು ಬಿಡಿಸಿ ಹೇಳದಿರುವುದರಿಂದಲೇ ಜನರಿಗೆ ಅರ್ಧ ಅಪನಂಬಿಕೆ ಹುಟ್ಟುತ್ತದೆ ಎಂದು ನನಗನ್ನಿಸುತ್ತದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಏಳುತ್ತದೆ, ಅದನ್ನು ಎತ್ತಿದವರೂ ಪರಿಸರ ವಿಜ್ಞಾನಿಗಳೇ. ಕೆರೆ ಮಗುಚುತ್ತದೆ ಸರಿ, ಭೂಮಿ ಹಾಗೆ ಮಗುಚುತ್ತದೆಯೇ? ವೆಲುವೆ ಕೆರೆ ಕೆಟ್ಟರೆ ಬೆಂಗಳೂರಿನ ಕೆರೆ ಕೆಡುವುದಿಲ್ಲ. ಅವುಗಳ ನಡುವೆ ಕೊಂಡಿಯೇ ಇಲ್ಲ. ಜಗತ್ತಿನ ರಂಜಕದ ಒಟ್ಟು ಮೊತ್ತಕ್ಕೆ ಒಂದು ಅಂಕಿ ಕಟ್ಟಿ ಅದನ್ನು ಭೂಮಿಯ ಮಿತಿ ಎಂದು ಕರೆಯುವುದರಲ್ಲಿ ಏನರ್ಥ? ಈ ಆಕ್ಷೇಪವನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಒಂಬತ್ತು ಮಿತಿಗಳಲ್ಲಿ ಎಲ್ಲದರ ಹಿಂದೆಯೂ ಭೂಮಿಯ ಅಳತೆಯ ಮಗುಚುವ ಬಿಂದು ಇಲ್ಲ. ಗ್ರೀನ್‌ಲ್ಯಾಂಡಿನ ಹಿಮದ ಹಾಸಿನ ಮಾತು ಬೇರೆ. ಅದರ ದಪ್ಪ ಕೆಲವೆಡೆ ಮೂರು ಕಿಲೋಮೀಟರ್, ಅಷ್ಟು ಎತ್ತರದಲ್ಲಿರುವುದರಿಂದಲೇ ಅದರ ಮೇಲ್ಮೈ ತಣ್ಣಗಿರುತ್ತದೆ. ಕರಗಿ ತಗ್ಗಿದಷ್ಟೂ ಅದು ಬೆಚ್ಚನೆಯ ಗಾಳಿಗೆ ಇಳಿಯುತ್ತದೆ, ಇಳಿದಷ್ಟೂ ಇನ್ನಷ್ಟು ಕರಗುತ್ತದೆ. ಮುಂದೆ ತಾಪಮಾನವನ್ನು ಕರಗಲು ಶುರುವಾದ ಮಟ್ಟಕ್ಕೆ ಇಳಿಸಿದರೂ ಅಲ್ಲಿ ಹಿಮ ಮತ್ತೆ ಕಟ್ಟಲು ಅದು ಸಾಲದು. ಅದು ಒಂದೇ ಹಾಸು, ಅದರ ನೀರು ಎಲ್ಲ ಸಮುದ್ರಗಳಿಗೂ ಸೇರುತ್ತದೆ, ಹಾಗಾಗಿ ಅದು ನಿಜವಾಗಿ ಭೂಮಿಯ ಮಟ್ಟದ ಮಗುಚು. ರಂಜಕದ್ದು ಹಾಗಲ್ಲ, ಸಾವಿರಾರು ಸಣ್ಣ ಮಗುಚುಗಳ ಮೊತ್ತ. ಆದರೆ ಇದರಿಂದ ಗೆರೆ ಬೇಡವೆಂದು ತೀರ್ಮಾನಿಸಲಾಗದು. ಆ ಸಾವಿರಾರು ಕೆರೆಗಳಿಗೆ ಹೆಚ್ಚುವರಿ ರಂಜಕ ಬರುವುದು ಬಹುಮಟ್ಟಿಗೆ ಒಂದೇ ಮೂಲದಿಂದ: ಮೊರಾಕ್ಕೊ, ಚೀನಾ, ಜೋರ್ಡಾನ್ ಮುಂತಾದ ಕೆಲವೇ ದೇಶಗಳ ಗಣಿಗಳಲ್ಲಿ ಅಗೆದು, ಹಡಗಿನಲ್ಲಿ ಸಾಗಿಸಿ, ಗೊಬ್ಬರ ಮಾಡಿ, ಆಹಾರವಾಗಿ ನಗರಕ್ಕೆ ಬಂದು, ಕೊನೆಗೆ ಚರಂಡಿ ಸೇರುವ ಕಲ್ಲು. ಮೂಲ ಒಂದೇ ಇರುವಾಗ ಅದರ ಒಟ್ಟು ಹರಿವಿಗೆ ಲೆಕ್ಕ ಇಡುವುದು ತಪ್ಪೇನಲ್ಲ. ಆ ಲೆಕ್ಕದಿಂದ ನಿಮ್ಮೂರ ಕೆರೆಯ ಭವಿಷ್ಯ ಹೇಳಹೊರಟರೆ ಮಾತ್ರ ತಪ್ಪು. ಅದಕ್ಕೆ ಆ ಕೆರೆಯ ನೀರನ್ನೇ ಅಳೆಯಬೇಕು.

ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂದ ಆಕ್ಷೇಪ ಅಮೆರಿಕದ ವಿಲಿಯಂ ಶ್ಲೆಸಿಂಜರ್ ಅವರದು. ಮಿತಿ ಎಂದು ಒಂದು ಅಂಕಿ ಕೊಟ್ಟರೆ ಅಲ್ಲಿಯವರೆಗೆ ಕೆಡಿಸಲು ಅಪ್ಪಣೆ ಕೊಟ್ಟಂತಾಗುತ್ತದೆ ಎಂದು ಅವರು 2009ರಲ್ಲೇ ಹೇಳಿದ್ದರು. ಇದು ಸುಳ್ಳಲ್ಲ, ಕಾರ್ಖಾನೆಗಳ ಮಾಲಿನ್ಯದ ಮಾನದಂಡಗಳನ್ನು ಹೇಗೆ ಬಳಸಿಕೊಳ್ಳುತ್ತಾರೆ ಎಂದು ಬಲ್ಲವರು ತಲೆದೂಗುತ್ತಾರೆ. ರಂಜಕದ ವಿಷಯದಲ್ಲಿ ಈ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಮಿತಿಯನ್ನು ಹೇಳುವುದು ವರ್ಷಕ್ಕೆ ಇಷ್ಟು ಟನ್ ಎಂಬ ಹರಿವಿನ ಲೆಕ್ಕದಲ್ಲಿ, ಹಾನಿ ಆಗುವುದು ಹೂಳಿನಲ್ಲಿ ಕೂಡಿಬಿದ್ದ ದಾಸ್ತಾನಿನಿಂದ. ಈ ವರ್ಷ ಹರಿವು ಮಿತಿಯೊಳಗೇ ಇದ್ದರೂ ಹಿಂದಿನ ಐವತ್ತು ವರ್ಷಗಳ ದಾಸ್ತಾನು ಎಲ್ಲಿಗೂ ಹೋಗಿರುವುದಿಲ್ಲ. ಹಾಗಾಗಿ ನಾನು ಈ ಅಂಕಿಗಳನ್ನು ಅಪ್ಪಣೆ ಎಂದು ಓದುವುದಿಲ್ಲ, ದಾಸ್ತಾನು ಬೆಳೆಯುವ ವೇಗದ ಸೂಚನೆ ಎಂದು ಓದುತ್ತೇನೆ.

ದಾಸ್ತಾನು ಎಂದರೇನೆಂದು ನೋಡಲು ಬೆಳ್ಳಂದೂರಿನಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಬೆಂಗಳೂರಿನ ದೊಡ್ಡ ಭಾಗದ ರಾಜಕಾಲುವೆಗಳು ಸುಮಾರು ಒಂಬೈನೂರು ಎಕರೆಯ ಆ ಕೆರೆಗೆ ಬಂದು ಬೀಳುತ್ತವೆ. ಊರ ಕೊಳಚೆಯಲ್ಲಿ ಲೀಟರಿಗೆ ಐದು ಮಿಲಿಗ್ರಾಂ ರಂಜಕವಿದೆ ಎಂದು ಕಡಿಮೆಯಲ್ಲೇ ಹಿಡಿದರೂ ದಿನಕ್ಕೆ ಬರುವ ಪ್ರತಿ ಹತ್ತು ಕೋಟಿ ಲೀಟರಿಗೆ ಐನೂರು ಕಿಲೋ ಆಗುತ್ತದೆ. ಐವತ್ತು ಡಿಎಪಿ ಚೀಲ, ಅದೂ ಒಂದೇ ದಿನಕ್ಕೆ, ದಶಕಗಳ ಕಾಲ. ಕೆರೆಗೆ ದಿನಕ್ಕೆ ಬಂದ ಕೊಳಚೆ ಹತ್ತು ಕೋಟಿ ಲೀಟರಿನ ಹಲವು ಪಟ್ಟು. 2015ರಲ್ಲಿ ಕೋಡಿಯಲ್ಲಿ ಎದ್ದ ನೊರೆ ಗಾಳಿಗೆ ಹಾರಿ ರಸ್ತೆಯಲ್ಲಿ ಹೋಗುವವರ ಮೇಲೆ ಬಿತ್ತು, ಬೆಂಕಿಯನ್ನೂ ಕಂಡಿತು. 2017ರ ಫೆಬ್ರುವರಿಯಲ್ಲಿ ಮತ್ತೆ ಹೊಗೆ ಎದ್ದು ದೇಶಕ್ಕೆಲ್ಲ ಸುದ್ದಿಯಾಯಿತು. ಒಂದು ತಪ್ಪು ತಿಳಿವಳಿಕೆ ಇಲ್ಲಿದೆ. ನೊರೆಗೆ ಕಾರಣ ರಂಜಕ ಎಂದು ಎಷ್ಟೋ ಕಡೆ ಬರೆದರು. ನೊರೆ ಬರುವುದು ಸೋಪಿನ ಪುಡಿಯ ಕೊಳೆ ಬಿಡಿಸುವ ಅಂಶದಿಂದ, ಅದು ಹೂಳಿನಲ್ಲಿ ಕೂಡಿಕೊಂಡು ಜೋರು ಮಳೆಗೆ ಕದಡಿ ಕೋಡಿಯಲ್ಲಿ ಧುಮುಕುವಾಗ ಬುರುಗಾಗುತ್ತದೆ. ರಂಜಕದ ಗುರುತು ನೊರೆಯಲ್ಲ, ನೀರೇ ಕಾಣದಂತೆ ಹಬ್ಬಿದ ಅಂತರಗಂಗೆ. ಟಿವಿಯವರಿಗೆ ನೊರೆ ಬೇಕಿತ್ತು. ಕೆರೆ ಮಗುಚಿ ವರ್ಷಗಳಾಗಿವೆ ಎಂದು ಅಂತರಗಂಗೆ ಅದಕ್ಕಿಂತ ಎಷ್ಟೋ ಮೊದಲೇ ಹೇಳುತ್ತಿತ್ತು. ಕಳೆಯನ್ನು ಯಂತ್ರ ಹಾಕಿ ಎತ್ತಿದರೂ ಕೆಲ ತಿಂಗಳಲ್ಲಿ ಅದು ಮತ್ತೆ ಹಬ್ಬುತ್ತಿದ್ದುದಕ್ಕೆ ಕಾರಣ ಹೂಳು. ಕೊನೆಗೆ ಕೆರೆ ಬರಿದು ಮಾಡಿ ಲಾರಿಗಟ್ಟಲೆ ಹೂಳು ತೆಗೆಯುವ ಕೆಲಸಕ್ಕೆ ಇಳಿಯಬೇಕಾಯಿತು. ಕೊಳಚೆಯನ್ನು ಮೊದಲೇ ತಡೆದಿದ್ದರೆ ಈ ಖರ್ಚಿನ ದೊಡ್ಡ ಪಾಲು ಬೇಕಿರಲಿಲ್ಲ. ವಾಪಸು ಬರುವ ದಾರಿ ಬೇರೆ ಎಂದರೆ ರೂಪಾಯಿ ಲೆಕ್ಕದಲ್ಲಿ ಇದು.

ಕೊಳಚೆ ಶುದ್ಧೀಕರಿಸಿದರೆ ಆಯಿತಲ್ಲ ಎನ್ನುವವರಿಗೆ ಒಂದು ಮಾತು. ಸಾಮಾನ್ಯ ಎಸ್‌ಟಿಪಿ ಕಟ್ಟಿರುವುದು ಕೊಳೆಯುವ ವಸ್ತುವನ್ನು ತೆಗೆಯಲು. ಎರಡು ಹಂತ ದಾಟಿ ಬಂದ ನೀರು ಕಣ್ಣಿಗೆ ತಿಳಿಯಾಗಿರುತ್ತದೆ, ವಾಸನೆ ಇರುವುದಿಲ್ಲ, ಆದರೆ ಬಂದ ರಂಜಕದಲ್ಲಿ ಹೆಚ್ಚಿನ ಪಾಲು ಅದರಲ್ಲೇ ಉಳಿದಿರುತ್ತದೆ. ಅದನ್ನು ತೆಗೆಯಬೇಕಾದರೆ ಕಬ್ಬಿಣದ ಅಥವಾ ಅಲ್ಯುಮಿನಿಯಂ ಲವಣ ಹಾಕಿ ತಳಕ್ಕಿಳಿಸಬೇಕು, ಇಲ್ಲವೇ ರಂಜಕ ಹೀರುವ ಬ್ಯಾಕ್ಟೀರಿಯಾಗಳಿಗೆಂದು ಪ್ರಾಣವಾಯು ಇಲ್ಲದ ತೊಟ್ಟಿಯೊಂದನ್ನು ಸೇರಿಸಬೇಕು. ಬೆಂಗಳೂರಿನ ಶುದ್ಧೀಕರಿಸಿದ ನೀರು 2018ರಿಂದ ಕೋಲಾರ ಜಿಲ್ಲೆಯ ಕೆರೆಗಳನ್ನು ತುಂಬುತ್ತಿದೆ. ಬರಗಾಲದ ನಾಡಿಗೆ ನೀರು ಬಂದದ್ದು ಸಣ್ಣ ವಿಷಯವಲ್ಲ. ಆ ನೀರಿನ ಬಗ್ಗೆ ನಡೆಯುವ ಚರ್ಚೆಯಲ್ಲಿ ರೋಗಾಣು, ಭಾರಲೋಹದ ಮಾತು ಬರುತ್ತದೆ, ಬರಬೇಕಾದದ್ದೇ. ರಂಜಕ ಲೀಟರಿಗೆ ಎಷ್ಟಿದೆ, ಹೂಳಿನಲ್ಲಿ ವರ್ಷಕ್ಕೆ ಎಷ್ಟು ಕೂಡುತ್ತಿದೆ ಎಂಬ ಪ್ರಶ್ನೆಯೂ ಅದೇ ಸಾಲಿನಲ್ಲಿ ಇರಬೇಕು, ಏಕೆಂದರೆ ಮೊದಲ ಕೆಲವು ವರ್ಷ ನೀರು ಚೆನ್ನಾಗಿ ಕಂಡಿತು ಎಂಬುದು ಯಾವ ಪ್ರಶ್ನೆಗೂ ಉತ್ತರವಲ್ಲ.

ಕೊನೆಯ ಆಕ್ಷೇಪ ರೈತರದು, ಅದು ಎಲ್ಲಕ್ಕಿಂತ ಭಾರವಾದದ್ದು. ರಂಜಕ ಹಾಕದೆ ಬೆಳೆ ಬರುವುದಿಲ್ಲ. ಯುರೋಪು, ಅಮೆರಿಕಗಳು ದಶಕಗಟ್ಟಲೆ ಸುರಿದು ಮಣ್ಣನ್ನು ತುಂಬಿಕೊಂಡವು, ಈಗ ಮಿತಿಯ ಪಾಠವನ್ನು ಆಫ್ರಿಕಕ್ಕೂ ನಮಗೂ ಹೇಳುತ್ತವೆ. ಇದರಲ್ಲಿ ಅರ್ಧ ನಿಜವಿದೆ. ಸಹಾರಾದ ದಕ್ಷಿಣಕ್ಕೆ ಎಷ್ಟೋ ಹೊಲಗಳಿಗೆ ಇಂದು ಹಾಕುವುದಕ್ಕಿಂತ ಹೆಚ್ಚು ರಂಜಕ ಬೇಕು, ಅವರಿಗೆ ಕಡಿಮೆ ಮಾಡಿ ಎನ್ನುವುದು ಅನ್ಯಾಯ. ಆದರೆ ಹಾಕಿದ್ದೆಲ್ಲ ಬೆಳೆಗೆ ಸೇರುತ್ತದೆ ಎಂಬುದು ನಿಜವಲ್ಲ. ಹಾಕಿದ ವರ್ಷದಲ್ಲಿ ಬೆಳೆ ಎತ್ತಿಕೊಳ್ಳುವುದು ಅದರ ಸಣ್ಣ ಪಾಲು. ಉಳಿದದ್ದನ್ನು ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯುಮಿನಿಯಂ, ಕಪ್ಪು ಮಣ್ಣಿನಲ್ಲಿ ಸುಣ್ಣ ಹಿಡಿದಿಡುತ್ತವೆ. ವರ್ಷಗಳಿಂದ ಡಿಎಪಿ ಬೀಳುತ್ತಿರುವ ತೋಟಗಳಲ್ಲಿ ಸಾಕಷ್ಟು ರಂಜಕ ಆಗಲೇ ಕೂಡಿರಬಹುದು, ಮಣ್ಣು ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ. ಅಲ್ಲಿ ಗೊಬ್ಬರ ಇಳಿಸಿದರೂ ಇಳುವರಿ ಇಳಿಯದು, ಕೈಯಲ್ಲಿ ದುಡ್ಡು ಉಳಿಯುತ್ತದೆ, ಮಳೆಗೆ ಕೆರೆ ಸೇರುವುದೂ ಕಡಿಮೆಯಾಗುತ್ತದೆ. ಭಾರತ ತನಗೆ ಬೇಕಾದ ರಂಜಕದ ಹೆಚ್ಚಿನ ಭಾಗವನ್ನು ಹೊರದೇಶದಿಂದ ತರಿಸುತ್ತದೆ ಎಂಬುದನ್ನು ನೆನಪಿಟ್ಟರೆ, ದುಡ್ಡು ಕೊಟ್ಟು ತಂದ ಕಲ್ಲನ್ನು ಚರಂಡಿಗೆ ಬಿಟ್ಟು, ಆಮೇಲೆ ಅದನ್ನು ತೆಗೆಯಲು ಮತ್ತೆ ದುಡ್ಡು ಸುರಿಯುತ್ತಿರುವುದು ಎಂಥ ಲೆಕ್ಕ ಎಂದು ನೀವೇ ಯೋಚಿಸಿ.

ಮಗುಚುವ ಮುನ್ನ ಗೊತ್ತುಮಾಡಿಕೊಳ್ಳುವ ಉಪಾಯ ಇದೆಯೇ? ಸ್ವಲ್ಪ ಮಟ್ಟಿಗೆ ಇದೆ. ಆರೋಗ್ಯವಾಗಿರುವ ಕೆರೆಗೆ ಒಂದು ಜೋರು ಮಳೆಯಿಂದ ಪೆಟ್ಟು ಬಿದ್ದರೆ ಕೆಲವೇ ದಿನಗಳಲ್ಲಿ ಚೇತರಿಸಿಕೊಳ್ಳುತ್ತದೆ. ಮಗುಚುವ ಅಂಚಿಗೆ ಬಂದ ಕೆರೆ ಅದೇ ಪೆಟ್ಟಿನಿಂದ ಚೇತರಿಸಿಕೊಳ್ಳಲು ಹೆಚ್ಚು ಹೆಚ್ಚು ದಿನ ತೆಗೆದುಕೊಳ್ಳುತ್ತದೆ, ಪಾಚಿಯ ಏರಿಳಿತ ದೊಡ್ಡದಾಗುತ್ತದೆ, ಇಂದಿನ ಅಳತೆ ನಿನ್ನೆಯದನ್ನೇ ಹೋಲತೊಡಗುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಪೀಟರ್ ಎಂಬ ಸಣ್ಣ ಕೆರೆಯಲ್ಲಿ ಇದನ್ನು ಪರೀಕ್ಷೆ ಮಾಡಿದರು. 2015ರಲ್ಲಿ ಕೆರೆಗೆ ದಿನವೂ ರಂಜಕ ಮತ್ತು ಸಾರಜನಕ ಹಾಕುತ್ತ, ನೀಲಿಹಸಿರು ಪಾಚಿಯನ್ನು ಉಪಕರಣದಿಂದ ನಿರಂತರ ಅಳೆಯುತ್ತ ಹೋದರು. ಅಂಕಿಗಳು ಮೇಲೆ ಹೇಳಿದ ಲಕ್ಷಣ ತೋರಿಸಿದ ಕೂಡಲೇ ಹಾಕುವುದನ್ನು ನಿಲ್ಲಿಸಿದರು. ಆಮೇಲೆ ಪಾಚಿ ಇಳಿದು, ಕೆರೆ ಮೊದಲಿನ ಸ್ಥಿತಿಗೆ ಮರಳಿತು. ಪ್ರಯೋಗ ಗೆದ್ದಿತು, ಆದರೆ ಎರಡು ಅನುಕೂಲಗಳು ಅವರಿಗಿದ್ದವು. ಎಡೆಬಿಡದೆ ಅಳೆಯುವ ಉಪಕರಣ ನೀರಿನಲ್ಲೇ ಇತ್ತು, ಹರಿವನ್ನು ನಿಲ್ಲಿಸುವ ಅಧಿಕಾರ ಅಳೆಯುವವರ ಕೈಯಲ್ಲೇ ಇತ್ತು. ನಮ್ಮ ಕೆರೆಗಳ ನೀರನ್ನು ತಿಂಗಳಿಗೊಮ್ಮೆ ಬಾಟಲಿಯಲ್ಲಿ ಹಿಡಿದರೆ ದೊಡ್ಡ ಮಾತು, ಕೊಳಚೆ ನಿಲ್ಲಿಸಬೇಕಾದ ಇಲಾಖೆ ಬೇರೆ, ನೀರು ಅಳೆಯುವ ಇಲಾಖೆ ಬೇರೆ. ಸೂಚನೆ ಕಂಡು, ವರದಿಯಾಗಿ, ಟೆಂಡರ್ ಕರೆದು, ಕೊಳವೆ ಹಾಕುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಹಾಗಾಗಿ ಅಂಥ ಕೆರೆಗೆ ಗೆರೆ ಎಳೆಯುವಾಗ ಕೆರೆಯ ಸ್ವಭಾವದ ಜೊತೆಗೆ ಇಲಾಖೆಗಳ ವೇಗವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೊಳಚೆ ನಿಲ್ಲಿಸಲು ಐದು ವರ್ಷ ಹಿಡಿಯುವ ಊರಿನಲ್ಲಿ ಆ ಐದು ವರ್ಷಗಳಲ್ಲಿ ಹೂಳು ಸೇರುವ ರಂಜಕವನ್ನು ಕಳೆದು, ಅಷ್ಟು ಈಚೆಗೆ ಗೆರೆ ಬೀಳಬೇಕು.